ಎರಡು ‘ಶೇ 18’ಗಳ ನಡುವೆ ಸೆಕೆಂಡ್ ಹ್ಯಾಂಡ್ ಬೈಕ್: ಗ್ಯಾರೇಜ್ ಮಾಲೀಕರಿಗೆ ಇದರಲ್ಲಿ ಏನಿದೆ?

2024ರ ಡಿಸೆಂಬರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಹಳೆಯ ವಾಹನಗಳ ಮಾರಾಟದ ಮೇಲಿನ ತೆರಿಗೆಯನ್ನು ಶೇ 18ಕ್ಕೆ ನಿಗದಿ ಮಾಡಿತು. ದ್ವಿಚಕ್ರ ವಾಹನಗಳಿಗೆ ಅಲ್ಲಿಯವರೆಗೆ ಇದ್ದದ್ದು ಶೇ 12. ಅದಾದ ಒಂಬತ್ತು ತಿಂಗಳಿಗೆ, 2025ರ ಸೆಪ್ಟೆಂಬರ್ 22ರಿಂದ, 350 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಮೊದಲ ಸುದ್ದಿ ಬಂದಾಗ, ಮನೆಯ ಹಳೆಯ ಸ್ಕೂಟರ್ ಮಾರಿದರೂ ಇಡೀ ಬೆಲೆಗೆ ಶೇ 18 ಕಟ್ಟಬೇಕು ಎಂಬ ಸಂದೇಶಗಳು ಹರಿದಾಡಿದವು. ಎರಡನೆಯ ಸುದ್ದಿ ಬಂದಾಗ, ಹೊಸದಕ್ಕೂ ಹಳೆಯದಕ್ಕೂ ತೆರಿಗೆ ಒಂದೇ ಆಯಿತಲ್ಲ, ಇನ್ನು ಹಳೆಯದನ್ನು ಏಕೆ ಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತು. ಎರಡೂ ಗೊಂದಲಗಳಿಗೆ ಕಾರಣ ಒಂದೇ: ಶೇ 18 ಎಂಬುದು ಯಾವ ಮೊತ್ತದ ಮೇಲೆ ಬೀಳುತ್ತದೆ ಎಂಬುದು ಹೆಚ್ಚಿನವರಿಗೆ ಸ್ಪಷ್ಟವಾಗಲಿಲ್ಲ. ಅದನ್ನು ಬಿಡಿಸಿ ನೋಡಿದರೆ ಹಳೆಯ ಬೈಕುಗಳ ವ್ಯಾಪಾರದಲ್ಲಿ ಲಾಭ ಎಲ್ಲಿ ಕರಗುತ್ತಿದೆ, ಆ ಜಾಗದಲ್ಲಿ ಸಾಮಾನ್ಯ ಗ್ಯಾರೇಜ್ ಮಾಲೀಕರು ಯಾವ ಹೊಸ ಕಸುಬು ಕಟ್ಟಿಕೊಳ್ಳಬಹುದು ಎಂಬುದೂ ಕಾಣುತ್ತದೆ.

ತೆರಿಗೆ ಬೆಲೆಯ ಮೇಲಲ್ಲ, ಅಂತರದ ಮೇಲೆ

ಒಬ್ಬ ವ್ಯಕ್ತಿ ತನ್ನ ಸ್ವಂತ ಬೈಕನ್ನು ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಮಾರಿದಾಗ ಮಾತ್ರ ತೆರಿಗೆ ಬರುತ್ತದೆ, ಅದೂ ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ನಡುವಿನ ಅಂತರದ ಮೇಲೆ. ಅಂತರವೇ ಇಲ್ಲದಿದ್ದರೆ, ಅಂದರೆ ನಷ್ಟಕ್ಕೆ ಮಾರಿದ್ದರೆ, ತೆರಿಗೆಯೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ವ್ಯಾಪಾರಿ 40,000 ರೂಪಾಯಿಗೆ ಒಂದು ಬೈಕ್ ಕೊಂಡು, ರಿಪೇರಿಗೆ 4,500 ಖರ್ಚು ಮಾಡಿ, 52,000ಕ್ಕೆ ಮಾರಿದ ಎನ್ನಿ. ತೆರಿಗೆ ಬೀಳುವುದು 12,000ದ ಮೇಲೆ. ರಿಪೇರಿಗೆ ಹಾಕಿದ 4,500ನ್ನು ಈ ಅಂತರದಿಂದ ಕಳೆಯುವ ಹಾಗಿಲ್ಲ, ಏಕೆಂದರೆ ನಿಯಮ ನೋಡುವುದು ಕೊಂಡ ಬೆಲೆಯನ್ನೇ. ಹೀಗಾಗಿ ತೆರಿಗೆ 2,160 ರೂಪಾಯಿ. ಕೈಯಲ್ಲಿ ಉಳಿಯುವುದು 5,340. ಹಳೆಯ ಶೇ 12ರ ದರದಲ್ಲಿ ಇದೇ ವ್ಯವಹಾರದಲ್ಲಿ 6,060 ಉಳಿಯುತ್ತಿತ್ತು. ಅಂಗಡಿ ಬಾಡಿಗೆ, ಸಾಲದ ಬಡ್ಡಿ, ಹೆಸರು ವರ್ಗಾವಣೆಯ ಖರ್ಚು ಎಲ್ಲವೂ ಇನ್ನು ಈ ಉಳಿಕೆಯಿಂದಲೇ ಹೋಗಬೇಕು.

ಈ ಲೆಕ್ಕದ ಒಂದು ಪರಿಣಾಮವನ್ನು ಹೆಚ್ಚು ಜನ ಗಮನಿಸಿಲ್ಲ. ಗಾಡಿಯನ್ನು ನಿಜವಾಗಿ ರಿಪೇರಿ ಮಾಡಿ ಮಾರುವವನಿಗೂ, ತೊಳೆದು ಪಾಲಿಶ್ ಹೊಡೆದು ಮಾರುವವನಿಗೂ ತೆರಿಗೆ ಒಂದೇ. ಮಾಡಿದ ಕೆಲಸವನ್ನು ಕೊಳ್ಳುವವನಿಗೆ ತೋರಿಸಿ, ಅದಕ್ಕೆ ತಕ್ಕ ಬೆಲೆ ಪಡೆಯಲಾಗದಿದ್ದರೆ ಕೆಲಸ ಮಾಡಿದವನೇ ಸೋಲುತ್ತಾನೆ.

ಹೊಸದು ಇಳಿದಾಗ ಹಳೆಯದಕ್ಕೆ ಬೀಳುವ ಒತ್ತಡ

ತೆರಿಗೆಗೆ ಮುಂಚಿನ ಬೆಲೆ 65,000 ರೂಪಾಯಿ ಇರುವ ಹೊಸ ಬೈಕು ಶೇ 28ರ ದರದಲ್ಲಿ 83,200 ಆಗುತ್ತಿತ್ತು. ಶೇ 18ರಲ್ಲಿ 76,700 ಆಗುತ್ತದೆ. ಇಳಿಕೆ 6,500. ಒಂದೆರಡು ವರ್ಷ ಓಡಿದ ಅದೇ ಮಾದರಿಯ ಹಳೆಯ ಬೈಕಿನ ಬೆಲೆಯೂ ಬಹುಪಾಲು ಅಷ್ಟೇ ಕೆಳಗೆ ಜಾರುತ್ತದೆ, ಏಕೆಂದರೆ ಕೊಳ್ಳುವವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಐದಾರು ವರ್ಷದ ಗಾಡಿಗಳಿಗೆ ಈ ಏಟು ಕಡಿಮೆ. ಅವನ್ನು ಕೊಳ್ಳುವವರಿಗೆ ಹೊಸದನ್ನು ಕೊಳ್ಳುವ ಶಕ್ತಿ ಮೊದಲೇ ಇರುವುದಿಲ್ಲ.

ಅಂತರ ಕಿರಿದಾದಾಗ ವ್ಯಾಪಾರಿಯ ಮುಂದೆ ಎರಡು ದಾರಿಗಳಿರುತ್ತವೆ. ಕೊಳ್ಳುವಾಗ ಇನ್ನಷ್ಟು ಕಡಿಮೆಗೆ ಕೇಳಬೇಕು, ಇಲ್ಲವೇ ರಿಪೇರಿಯ ಖರ್ಚನ್ನು ಹಿಡಿಯಬೇಕು. ಎರಡನೆಯದು ಸುಲಭ. ಹೊಗೆ ಕಾಣದಿರಲೆಂದು ದಪ್ಪ ಆಯಿಲ್ ತುಂಬುವುದು, ಮೀಟರ್ ಹಿಂದಕ್ಕೆ ತಿರುಗಿಸುವುದು, ಬಿದ್ದ ಗಾಡಿಗೆ ಬರೀ ಬಣ್ಣ ಹೊಡೆಸುವುದು ಇಂಥ ಒತ್ತಡದಲ್ಲೇ ಹೆಚ್ಚುತ್ತವೆ. ಕೊಳ್ಳುವವರು ಇದನ್ನು ಬಲ್ಲರು. ಹೀಗಾಗಿ ಒಳ್ಳೆಯ ಗಾಡಿಗೂ ಅನುಮಾನದ ಬೆಲೆಯನ್ನೇ ಕೇಳುತ್ತಾರೆ, ಆ ಬೆಲೆ ಒಗ್ಗದ ಒಳ್ಳೆಯ ಗಾಡಿಯ ಮಾಲೀಕರು ಅಂಗಡಿಗೆ ಕೊಡದೆ ನೆಂಟರಿಷ್ಟರಿಗೆ ಮಾರುತ್ತಾರೆ, ಅಂಗಡಿಯಲ್ಲಿ ಉಳಿಯುವ ಸರಕು ಇನ್ನಷ್ಟು ಕೆಡುತ್ತದೆ.

ಮೆಕ್ಯಾನಿಕ್ ಯಾರ ಕಡೆಯವನು?

ಗಾಡಿ ನೋಡಲು ಪರಿಚಯದ ಮೆಕ್ಯಾನಿಕ್‌ನನ್ನು ಕರೆದೊಯ್ಯುವುದು ನಮ್ಮಲ್ಲಿ ಹಳೆಯ ರೂಢಿ. ವ್ಯವಹಾರ ಕುದುರಿದರೆ ಮಾರುವವನಿಂದಲೋ ದಲ್ಲಾಳಿಯಿಂದಲೋ ಆ ಮೆಕ್ಯಾನಿಕ್‌ಗೆ ಕಮಿಷನ್ ಸೇರುವುದೂ ಅಷ್ಟೇ ಹಳೆಯ ರೂಢಿ. ಕೊಳ್ಳುವವನು ಚಹಾ ಖರ್ಚು ಕೊಡುತ್ತಾನೆ, ಮಾರುವವನು ಅದರ ಹತ್ತುಪಟ್ಟು ಕೊಡುತ್ತಾನೆ. ಹೀಗಿರುವಾಗ ಸಲಹೆ ಯಾರ ಕಡೆ ವಾಲುತ್ತದೆ ಎಂದು ಊಹಿಸಲು ಮೆಕ್ಯಾನಿಕ್‌ನ ಗುಣವನ್ನು ಶಂಕಿಸಬೇಕಾದ ಅಗತ್ಯವೇ ಇಲ್ಲ. ಹಣ ಬರುವ ದಾರಿಯನ್ನು ನೋಡಿದರೆ ಸಾಕು.

ಹಾಗಾಗಿ ಗ್ಯಾರೇಜಿನ ಮೊದಲ ಹೊಸ ಸೇವೆ ಎಂದರೆ ಬರಹದಲ್ಲಿ ಕೊಡುವ ತಪಾಸಣಾ ವರದಿ, ಮತ್ತು ಅದರ ಹಿಂದಿನ ಮೂರು ಕಟ್ಟುಪಾಡುಗಳು. ಶುಲ್ಕವನ್ನು ಕೊಳ್ಳುವವನೇ ಮುಂಚಿತವಾಗಿ ಕೊಡಬೇಕು. ಗಾಡಿ ಕೊಂಡರೂ ಬಿಟ್ಟರೂ ಶುಲ್ಕ ಒಂದೇ ಇರಬೇಕು. ರಿಪೇರಿ ಅಂದಾಜನ್ನು ಬಿಡಿಭಾಗಗಳ ಎಂಆರ್‌ಪಿ ಮತ್ತು ಕೂಲಿ ಬೇರೆ ಬೇರೆಯಾಗಿ ಬರೆದು ಕೊಟ್ಟು, ಆ ಕೆಲಸವನ್ನು ಬೇರೆ ಯಾವ ಗ್ಯಾರೇಜಿನಲ್ಲಾದರೂ ಮಾಡಿಸಬಹುದು ಎಂದು ವರದಿಯಲ್ಲೇ ಹೇಳಬೇಕು. ಮೂರನೆಯದು ಇಲ್ಲದಿದ್ದರೆ, ಕಮಿಷನ್ನಿನ ಆಸೆ ಹೋಗಿ ಕೆಲಸ ಹುಟ್ಟಿಸುವ ಆಸೆ ಬಂದು ಕೂರುತ್ತದೆ. ಇಲ್ಲದ ದೋಷಗಳು ವರದಿಯಲ್ಲಿ ಕಾಣಿಸಿಕೊಳ್ಳತೊಡಗುತ್ತವೆ.

ಒಂದು ತಪಾಸಣೆ, ಹಂತ ಹಂತವಾಗಿ

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ: 2019ರ 125 ಸಿಸಿ ಬೈಕ್, ಮೀಟರ್ ತೋರಿಸುವುದು 17,800 ಕಿ.ಮೀ., ಮಾರುವವರು ಕೇಳುತ್ತಿರುವುದು 48,000 ರೂಪಾಯಿ.

ತಪಾಸಣೆಗೆ ಹೋಗುವ ಮೊದಲೇ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿರಬೇಕು. ತಲುಪಿದ ಕೂಡಲೇ ಎಂಜಿನ್ನಿಗೆ ಕೈ ಮುಟ್ಟಿಸಿ ನೋಡಬೇಕು. ಬೆಚ್ಚಗಿದ್ದರೆ ಅದನ್ನು ಬರೆದುಕೊಂಡು, ಆರುವವರೆಗೆ ಕಾಯಬೇಕು. ತಣ್ಣಗಿನ ಎಂಜಿನ್ ಹೇಳುವ ಸತ್ಯವನ್ನು ಬಿಸಿಯಾದ ಎಂಜಿನ್ ಹೇಳುವುದಿಲ್ಲ. ಸ್ಟಾರ್ಟ್ ಮಾಡಿದ ಗಳಿಗೆ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಆಯಿಲ್ ಸೀಲ್ ಹೋಗಿರುವ ಸಾಧ್ಯತೆ ಹೆಚ್ಚು, ಅದು ಹೋಲಿಕೆಯಲ್ಲಿ ಸಣ್ಣ ಖರ್ಚು. ಆಕ್ಸಿಲರೇಟರ್ ತಿರುವಿದಷ್ಟೂ ಹೊಗೆ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ ಎಂದು ಶಂಕಿಸಬೇಕು, ಅದು ದೊಡ್ಡ ಖರ್ಚು. ಕಂಪ್ರೆಶನ್ ಗೇಜ್ ಹಾಕಿ ನೋಡಿದರೆ ಶಂಕೆ ಗಟ್ಟಿಯಾಗುತ್ತದೆ. ಆದರೆ ಸುಲಭವಾಗಿ ಸ್ಟಾರ್ಟ್ ಆಗಲೆಂದು ಡಿಕಂಪ್ರೆಶನ್ ವ್ಯವಸ್ಥೆ ಇರುವ ಎಂಜಿನ್‌ಗಳಲ್ಲಿ ಗೇಜ್ ಕಡಿಮೆಯೇ ತೋರಿಸುತ್ತದೆ, ಆದ್ದರಿಂದ ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯೊಂದಿಗೆ ಹೋಲಿಸದೆ ತೀರ್ಪು ಕೊಡಬಾರದು.

ನಮ್ಮ ಉದಾಹರಣೆಯ ಬೈಕಿನಲ್ಲಿ ಎಂಜಿನ್ ಚೆನ್ನಾಗಿದೆ ಎಂದುಕೊಳ್ಳೋಣ. ಮುಂದೆ ಹ್ಯಾಂಡಲ್. ಅದನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ತಡೆಯುವ ಸ್ಟಾಪರ್ ಒಂದು ಬದಿಯಲ್ಲಿ ಜಜ್ಜಿಹೋಗಿದೆ. ಚಾಸಿಯ ಕತ್ತಿನ ಕೆಳಗೆ ಬಣ್ಣ ಸಣ್ಣಗೆ ಬಿರಿದಿದೆ. ಮುಂಭಾಗಕ್ಕೆ ಜೋರಾದ ಏಟು ಬಿದ್ದ ಗಾಡಿಗಳಲ್ಲಿ ಈ ಗುರುತುಗಳು ಉಳಿಯುತ್ತವೆ, ಏಕೆಂದರೆ ಹೊಸ ಮಡ್‌ಗಾರ್ಡ್, ಹೊಸ ಹೆಡ್‌ಲೈಟ್ ಹಾಕಿಸುವವರು ಸ್ಟಾಪರ್ ಕಡೆ ನೋಡುವುದಿಲ್ಲ. ಹಿಂದಿನ ಚಕ್ರದ ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ದಾರ ಎಳೆದು ಹಿಡಿದರೆ ಎರಡು ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂಬುದು ತಿಳಿಯುತ್ತದೆ. ಇಲ್ಲಿ ಗೆರೆ ಸರಿಯಿದೆ, ಆದರೆ ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್ ಸೆಟ್‌ನಲ್ಲಿ ಸಡಿಲವಿದೆ, ಒಂದು ಫೋರ್ಕ್ ಆಯಿಲ್ ಸೀಲ್ ಸೋರುತ್ತಿದೆ.

ನಂತರ ಮೀಟರ್. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಹಿಂದಿನ ಟೈರಿನಲ್ಲಿ 3422 ಎಂದಿದೆ, ಅಂದರೆ 2022ರ 34ನೇ ವಾರದ್ದು. ಅದೂ ಈಗ ಸವೆದು ತಳ ಕಂಡಿದೆ. 17,800 ಕಿ.ಮೀ.ಗೆ ಎರಡು ಹಿಂಬದಿ ಟೈರ್ ಸವೆಯುವುದು ಈ ಬಗೆಯ ಬೈಕಿನಲ್ಲಿ ಅಸಹಜ. ಫುಟ್‌ರೆಸ್ಟ್ ರಬ್ಬರ್ ನುಣುಪಾಗಿದೆ, ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ತಗಲುವ ದಂಡೆ ಎದ್ದಿದೆ. ಡಿಸ್ಕಿನ ಮೇಲೆಯೇ ಕೆತ್ತಿರುವ ಕನಿಷ್ಠ ದಪ್ಪಕ್ಕೆ ವರ್ನಿಯರ್‌ನ ಅಳತೆ ಹತ್ತಿರವಿದೆ. ಇಷ್ಟಾದ ಮೇಲೆ ಮಾಲೀಕರ ಒಪ್ಪಿಗೆ ಪಡೆದು ಹಿಂದಿನ ಸರ್ವಿಸ್ ದಾಖಲೆ ತರಿಸಿದಾಗ, 2022ರಲ್ಲೇ 24,300 ಕಿ.ಮೀ. ಎಂದು ಬರೆದಿರುವುದು ಸಿಗುತ್ತದೆ. ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ಮೀಟರನ್ನೇ ಬದಲಿಸಿದ್ದಾರೆ. ಯಾವುದು ಎಂಬುದನ್ನು ವರದಿ ಹೇಳಬೇಕಾಗಿಲ್ಲ. ‘ಮೀಟರಿನ ಅಂಕಿಯನ್ನು ನಂಬುವಂತಿಲ್ಲ, ಕಾರಣಗಳು ಇವು’ ಎಂದಷ್ಟೇ ಬರೆದರೆ ಸಾಕು.

ವರದಿಯಲ್ಲಿ ಮೂರು ಭಾಗಗಳಿರುವುದು ಕ್ಷೇಮ: ಅಳೆದದ್ದು, ಕಣ್ಣಿಗೆ ಕಂಡದ್ದು, ನೋಡಲು ಆಗದ್ದು. ಎಂಜಿನ್ ಬಿಚ್ಚಿ ನೋಡಿಲ್ಲ, ಗೇರ್ ಬಾಕ್ಸ್ ಒಳಭಾಗ ನೋಡಿಲ್ಲ ಎಂದು ಮೂರನೆಯ ಭಾಗದಲ್ಲಿ ಬರೆಯದೆ ಇದ್ದರೆ, ಆರು ತಿಂಗಳ ನಂತರ ಗೇರ್ ಹೋದಾಗ ಗ್ರಾಹಕರ ಆಯೋಗದ ಮುಂದೆ ಸೇವಾ ನ್ಯೂನತೆಯ ದೂರಿಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಬಾಯಿಮಾತಿನ ಸಲಹೆಗೂ ಸಹಿ ಹಾಕಿದ ವರದಿಗೂ ಇರುವ ವ್ಯತ್ಯಾಸ ಇಲ್ಲಿದೆ: ಸಹಿ ಹಾಕಿದವನು ಹೊಣೆಗಾರ. ಗ್ರಾಹಕ ಹಣ ಕೊಡುವುದು ಆ ಹೊಣೆಗೇ.

ಈ ಸೇವೆಗೆ ಮಿತಿಯೂ ಇದೆ. ಒಂದು ತಪಾಸಣೆಗೆ ಓಡಾಟ ಬಿಟ್ಟು ಒಂದು ತಾಸಿಗಿಂತ ಹೆಚ್ಚು ಬೇಕು, ಶುಲ್ಕ 600-700 ರೂಪಾಯಿಗಿಂತ ಕಡಿಮೆಯಾದರೆ ಗಿಟ್ಟುವುದಿಲ್ಲ. 20,000 ರೂಪಾಯಿಯ ಗಾಡಿ ಕೊಳ್ಳುವವರು ಅಷ್ಟು ಕೊಡಲು ಒಪ್ಪುವುದು ವಿರಳ. 40,000ಕ್ಕೆ ಮೇಲ್ಪಟ್ಟ ಗಾಡಿಗಳವರು, ಬೇರೆ ಊರಿನಲ್ಲಿ ಓದುವ ಮಕ್ಕಳಿಗೆ ಬೈಕ್ ಕೊಡಿಸುವ ತಂದೆತಾಯಿ, ಹುಬ್ಬಳ್ಳಿಯಲ್ಲಿ ಕೂತು ಬೆಂಗಳೂರಿನ ಗಾಡಿ ನೋಡುವವರು ಮೊದಲ ಗಿರಾಕಿಗಳಾಗಬಲ್ಲರು.

ಜಾಬ್ ಕಾರ್ಡ್ ಎಂಬ ಆಸ್ತಿ

ಮೇಲಿನ ಉದಾಹರಣೆಯಲ್ಲಿ ಅನುಮಾನವನ್ನು ಸಾಕ್ಷ್ಯವಾಗಿಸಿದ್ದು ಸರ್ವಿಸ್ ದಾಖಲೆಯ ಒಂದು ಸಾಲು. ಉಚಿತ ಸರ್ವಿಸ್‌ಗಳು ಮುಗಿದ ಮೇಲೆ ಬಹಳಷ್ಟು ಬೈಕುಗಳು ಕಂಪನಿ ಸರ್ವಿಸ್ ಬಿಟ್ಟು ಬೀದಿಯ ಗ್ಯಾರೇಜಿಗೆ ಬರುತ್ತವೆ. ಅಲ್ಲಿಂದ ಮುಂದಿನ ಇತಿಹಾಸ ಎಲ್ಲೂ ಬರೆದಿರುವುದಿಲ್ಲ. ಹಳೆಯ ಗಾಡಿ ಮಾರುವ ದೊಡ್ಡ ಬಂಡವಾಳದ ಆ್ಯಪ್‌ಗಳಿಗೂ ಅದು ಸಿಗುವುದಿಲ್ಲ. ಆ ಇತಿಹಾಸ ಗೊತ್ತಿರುವುದು ಗ್ಯಾರೇಜ್ ಮಾಲೀಕರೊಬ್ಬರಿಗೇ, ಅದೂ ನೆನಪಿನಲ್ಲಿ.

ಪ್ರತಿ ಸಲ ಗಾಡಿ ಬಂದಾಗ ದಿನಾಂಕ, ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆಯ ಕೊನೆಯ ಐದು ಅಂಕಿ, ಮೀಟರ್ ಓದು, ಬದಲಿಸಿದ ಭಾಗ, ಇವಿಷ್ಟನ್ನು ಜಾಬ್ ಕಾರ್ಡ್ ಎಂಬ ಹಾಳೆಯಲ್ಲಿ ಬರೆದಿಟ್ಟರೆ ಮೂರು ವರ್ಷಗಳಲ್ಲಿ ಅದು ಮಾರಾಟದ ವೇಳೆ ಬೆಲೆ ತರುವ ದಾಖಲೆಯಾಗುತ್ತದೆ. ಮಾಲೀಕರು ಗಾಡಿ ಮಾರುವಾಗ ಅವರ ಸಹಿಯ ಒಪ್ಪಿಗೆ ಪಡೆದು ಈ ಇತಿಹಾಸದ ಪ್ರತಿಯನ್ನು ಶುಲ್ಕಕ್ಕೆ ಕೊಡಬಹುದು. ಒಪ್ಪಿಗೆ ಇಲ್ಲದೆ ಕೊಡಬಾರದು. ಅದು ಅವರ ಮಾಹಿತಿ. ರಿಪೇರಿಯ ಅಪನಂಬಿಕೆಗೂ ಇದೇ ಕಾರ್ಡು ಮದ್ದು. ಬಿಚ್ಚುವ ಮುನ್ನ ಅಂದಾಜು, ಬಿಚ್ಚಿದ ಮೇಲೆ ಅಂದಾಜು ಬದಲಾದರೆ ಫೋನ್ ಮಾಡಿ ಒಪ್ಪಿಗೆ, ಕೊನೆಗೆ ಹಳೆಯ ಭಾಗವನ್ನು ಕವರಿನಲ್ಲಿ ಹಾಕಿ ವಾಪಸ್. ಬಿಡಿಭಾಗಗಳ ತೆರಿಗೆಯೂ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿರುವುದರಿಂದ, ಬಿಲ್ ಇಲ್ಲದ ನಕಲಿ ಮಾಲಿನ ಆಕರ್ಷಣೆ ಮೊದಲಿಗಿಂತ ಕೊಂಚ ಕಡಿಮೆಯಾಗಿರಬೇಕು.

ಹೊರಗಿನ ಗ್ಯಾರೇಜುಗಳು ರಿಪೇರಿ ಮಾಡುವ ಬಗ್ಗೆ ಬೈಕ್ ಕಂಪನಿಗಳ ವಾದ ಬೇರೆ. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ದೋಷ ಹುಡುಕಲು ಸ್ಕ್ಯಾನರ್ ಬೇಕು. ತರಬೇತಿ ಇಲ್ಲದ ಕೈಗಳಿಗೆ ಇದನ್ನು ಕೊಟ್ಟರೆ ಸುರಕ್ಷತೆಗೂ ಹೊಗೆ ನಿಯಂತ್ರಣಕ್ಕೂ ಧಕ್ಕೆ ಎನ್ನುತ್ತವೆ ಕಂಪನಿಗಳು. ಉಪಕರಣ ಮತ್ತು ಮಾಹಿತಿಯನ್ನು ಬಚ್ಚಿಟ್ಟು ಗಿರಾಕಿಯನ್ನು ಕಟ್ಟಿಹಾಕುವ ತಂತ್ರ ಇದು ಎನ್ನುತ್ತಾರೆ ಸ್ವತಂತ್ರ ಗ್ಯಾರೇಜಿನವರು. ಕಾರುಗಳ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಂಪನಿಗಳ ವಿರುದ್ಧ ಆದೇಶ ನೀಡಿ, ಬಿಡಿಭಾಗ ಮತ್ತು ದೋಷಪತ್ತೆ ಸಾಧನಗಳು ಹೊರಗಿನವರಿಗೂ ಸಿಗಬೇಕು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಎನ್ನಬಾರದು ಎಂದಿತ್ತು. ಆದೇಶ ಮೇಲ್ಮನವಿಗಳಲ್ಲಿ ಸಿಲುಕಿತು, ಅದು ಬೈಕುಗಳಿಗೆ ಸಂಬಂಧಿಸಿದ್ದೂ ಅಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ತೆರೆದ ‘ರಿಪೇರಿ ಹಕ್ಕು’ ಪೋರ್ಟಲ್‌ನಲ್ಲಿ ವಾಹನಗಳೂ ಸೇರಿವೆಯಾದರೂ, ಸ್ಕ್ಯಾನರ್‌ನ ಪೂರ್ಣ ಪ್ರವೇಶವನ್ನು ಅದು ಕೊಡಿಸಿಲ್ಲ. ಆದ್ದರಿಂದ ಹೊರಗೆ ಸಿಗುವ ಸ್ಕ್ಯಾನರ್ ಯಾವ ಮಾದರಿಗಳನ್ನು ಓದುತ್ತದೆ, ಯಾವುದನ್ನು ಓದುವುದಿಲ್ಲ ಎಂಬುದನ್ನು ತಪಾಸಣಾ ವರದಿಯ ಮೂರನೆಯ ಭಾಗದಲ್ಲೇ ದಾಖಲಿಸಬೇಕಾಗುತ್ತದೆ.

ಹೆಸರು ಬದಲಾಗದ ಆರ್‌ಸಿ

ಗಾಡಿ ಚೆನ್ನಾಗಿದ್ದೂ ವ್ಯವಹಾರ ಕೆಡುವುದು ಕಾಗದದಲ್ಲಿ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೇ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಆದರೆ ಮಾರುವವರು ಹೆಸರು ವರ್ಗಾವಣೆಯ ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಟ್ಟು ಬರುತ್ತಾರೆ, ಆ ಗಾಡಿ ಮೂರು ಕೈ ದಾಟಿದರೂ ಆರ್‌ಸಿಯಲ್ಲಿ ಹೆಸರು ಮೊದಲಿನವರದೇ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದ್ದು ಇದನ್ನೇ: ಗಾಡಿ ಎಷ್ಟೇ ಕೈ ಬದಲಾಯಿಸಿರಲಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರಕ್ಕೆ ಅವರೇ ಹೊಣೆ.

ಇದನ್ನು ಸರಿಪಡಿಸಲೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, 2023ರ ಏಪ್ರಿಲ್‌ನಿಂದ ಹಳೆಯ ವಾಹನಗಳ ಅಧಿಕೃತ ಮಾರಾಟಗಾರರಿಗೆ ಐದು ವರ್ಷದ ಪ್ರಮಾಣಪತ್ರದ ವ್ಯವಸ್ಥೆ ತಂದಿತು. ಮಾಲೀಕರು ಗಾಡಿಯನ್ನು ಅಧಿಕೃತ ಮಾರಾಟಗಾರರಿಗೆ ಒಪ್ಪಿಸಿ ವಾಹನ ನೋಂದಣಿಯ ಪೋರ್ಟಲ್‌ನಲ್ಲಿ ತಿಳಿಸಿದ ಮೇಲೆ, ಮುಂದಿನ ಖರೀದಿದಾರರ ಹೆಸರಿಗೆ ಹೋಗುವವರೆಗೆ ಆ ಮಾರಾಟಗಾರರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಹೆಸರು ವರ್ಗಾವಣೆ, ಎನ್‌ಒಸಿಯಂಥ ಅರ್ಜಿಗಳನ್ನು ಅವರೇ ಹಾಕಬಹುದು. ಗಾಡಿ ಟ್ರಯಲ್‌ಗೆ, ರಿಪೇರಿಗೆ ಹೊರಗೆ ಹೋದದ್ದನ್ನೆಲ್ಲ ದಾಖಲಿಸಬೇಕು.

ಗ್ಯಾರೇಜ್ ಮಾಲೀಕರು ಈ ಪ್ರಮಾಣಪತ್ರ ಪಡೆದು ವ್ಯಾಪಾರಿಗಳೇ ಆಗಬೇಕೇ? ತಿಂಗಳಿಗೆ ಮೂರು ನಾಲ್ಕು ಗಾಡಿ ಮಾರುವವರಿಗೆ ಇದು ಭಾರ. ಮೊದಲ ಲೆಕ್ಕದ 5,340 ರೂಪಾಯಿಯನ್ನು ನೆನೆದರೆ, 40,000 ಬಂಡವಾಳ ಎರಡು ತಿಂಗಳು ಸಿಕ್ಕಿಬಿದ್ದರೂ ಲಾಭದ ಒಂದು ಪಾಲು ಬಡ್ಡಿಗೆ ಹೋಗುತ್ತದೆ. ಜೊತೆಗೆ ಶೆಡ್ಡಿನಲ್ಲಿ ನಿಂತ ಗಾಡಿಯ ಕಾನೂನು ಹೊಣೆ ಅವರ ತಲೆಯ ಮೇಲೆ. ಗಾಡಿ ಕೊಳ್ಳದೆ, ಮಾರುವವರೂ ಕೊಳ್ಳುವವರೂ ಎದುರಿದ್ದಾಗಲೇ ಕಾಗದ ಪರಿಶೀಲಿಸಿ ಅರ್ಜಿ ಹಾಕಿಸುವ ಶುಲ್ಕದ ಸೇವೆ ಹೆಚ್ಚು ಸೂಕ್ತವೆಂದು ತೋರುತ್ತದೆ. ನೋಡಬೇಕಾದದ್ದು ಇಷ್ಟು: ಚಾಸಿ ಮತ್ತು ಎಂಜಿನ್ ಸಂಖ್ಯೆ ಆರ್‌ಸಿಗೆ ತಾಳೆಯಾಗುತ್ತದೆಯೇ, ಫೈನಾನ್ಸ್ ಇದ್ದರೆ ಸಾಲ ತೀರಿದ್ದಕ್ಕೆ ಕಂಪನಿಯ ಎನ್‌ಒಸಿ ಮತ್ತು ಫಾರಂ 35 ಇದೆಯೇ, ಟ್ರಾಫಿಕ್ ದಂಡ ಬಾಕಿ ಎಷ್ಟು, 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ಹಾಕಿಸಿದ್ದಾರೆಯೇ, ಇನ್ಶೂರೆನ್ಸ್ ಯಾವ ದಿನಾಂಕದವರೆಗೆ ಇದೆ. ಹಣದ ಕೊನೆಯ ಕಂತನ್ನು ಅರ್ಜಿಯ ಸ್ವೀಕೃತಿ ಬಂದ ಮೇಲೆ ಕೊಡುವಂತೆ ಒಪ್ಪಂದ ಮಾಡಿಸಿದರೆ ಎರಡೂ ಕಡೆಯ ಅರ್ಧ ಭಯ ಹೋಗುತ್ತದೆ.

ಬಾಡಿಗೆ: ಗಾಡಿ ಇಡುವುದಕ್ಕಿಂತ ನೋಡಿಕೊಳ್ಳುವುದು ಮೇಲು

ಗೋಕರ್ಣ, ಹಂಪಿ, ಮಡಿಕೇರಿಗಳಲ್ಲಿ ಬಾಡಿಗೆ ಸ್ಕೂಟರ್ ನೋಡಿದ ಗ್ಯಾರೇಜ್ ಮಾಲೀಕರಿಗೆ ತಾವೂ ಎರಡು ಗಾಡಿ ಬಿಡಬಹುದು ಎನ್ನಿಸುವುದು ಸಹಜ. ಕಾನೂನು ಹಾಗೆ ಬಿಡುವುದಿಲ್ಲ. 1997ರ ಮೋಟಾರ್ ಸೈಕಲ್ ಬಾಡಿಗೆ ಯೋಜನೆಯಡಿ ಪರವಾನಗಿ ಬೇಕು, ಕನಿಷ್ಠ ಐದು ಗಾಡಿಗಳಿರಬೇಕು, ಅವು ಸಾರಿಗೆ ವಾಹನಗಳಾಗಿ ನೋಂದಾಯಿತವಾಗಿ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಹೊಂದಿರಬೇಕು. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಟ್ಟರೆ ದಂಡಕ್ಕಿಂತ ದೊಡ್ಡ ಅಪಾಯ ಇನ್ಶೂರೆನ್ಸ್‌ನದು: ಖಾಸಗಿ ಪಾಲಿಸಿಗಳು ಬಾಡಿಗೆ ಬಳಕೆಯನ್ನು ಹೊರಗಿಡುತ್ತವೆ. ಅಪಘಾತವಾದರೆ ವಿಮಾ ಕಂಪನಿ ಈ ಷರತ್ತನ್ನು ಎತ್ತಿ ಹಿಡಿಯುತ್ತದೆ, ಪರಿಹಾರದ ಹೊರೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೆ ಬೀಳಬಹುದು.

ಪರವಾನಗಿ ಇರುವ ಬಾಡಿಗೆಯವರಿಗೆ ತಿಂಗಳ ನಿರ್ವಹಣಾ ಒಪ್ಪಂದ ಮಾಡಿಕೊಡುವುದರಲ್ಲಿ ಇಂಥ ಅಪಾಯ ಕಡಿಮೆ. ಗಾಡಿ ಹೊರಡುವಾಗಲೂ ಮರಳುವಾಗಲೂ ಅದೇ ತಪಾಸಣಾ ಹಾಳೆ ತುಂಬಿದರೆ, ಗೀರು ಯಾರು ಮಾಡಿದರು, ಠೇವಣಿ ಏಕೆ ಹಿಡಿದಿರಿ ಎಂಬ ಜಗಳಗಳು ಬಹುಪಾಲು ತೀರುತ್ತವೆ. ಒಪ್ಪಂದದ ದರ ಮಾತ್ರ ಊರಿನ ರಸ್ತೆ ನೋಡಿ ಹೇಳಬೇಕು. ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿ ಹತ್ತಿಳಿಯುವ ಬಾಡಿಗೆ ಬೈಕುಗಳನ್ನು ಘಾಟಿ ರೂಢಿಯಿಲ್ಲದವರು ಅರ್ಧ ಕ್ಲಚ್ ಹಿಡಿದೇ ಹತ್ತಿಸುತ್ತಾರೆ, ಬ್ರೇಕ್ ಒತ್ತಿಕೊಂಡೇ ಇಳಿಸುತ್ತಾರೆ. ಅಲ್ಲಿ ಕ್ಲಚ್ ಪ್ಲೇಟ್ ಮತ್ತು ಬ್ರೇಕ್ ಪ್ಯಾಡುಗಳು ಬಯಲುಸೀಮೆಯ ಗಾಡಿಗಳಿಗಿಂತ ಬಹಳ ಬೇಗ ಸವೆಯುತ್ತವೆ. ಹೀಗಾಗಿ ಆಯಿಲ್, ಚೈನ್, ಕೇಬಲ್‌ಗಳನ್ನು ಗಾಡಿಗಿಷ್ಟು ಎಂಬ ನಿಗದಿತ ಮೊತ್ತದೊಳಗೆ ಸೇರಿಸಿ, ಕ್ಲಚ್ ಮತ್ತು ಬ್ರೇಕುಗಳನ್ನು ಆದಷ್ಟಕ್ಕೆ ಬಿಲ್ ಮಾಡುವ ಷರತ್ತನ್ನು ಒಪ್ಪಂದದ ಮೊದಲ ಪುಟದಲ್ಲೇ ಬರೆಯಿಸಿಕೊಳ್ಳಬೇಕು.